ಶೇವರ್, ಟ್ರಿಮ್ಮರ್ ಕೊಳ್ಳುವ ಮೊದಲು: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ನಮ್ಮದೊಂದು ಸಣ್ಣ ರಿಪೇರಿ ಅಂಗಡಿ. ಮೊದಲು ಮಿಕ್ಸಿ, ಐರನ್ ಬಾಕ್ಸ್ ಬರುತ್ತಿದ್ದವು, ಈಗ ಅವುಗಳ ಜೊತೆ ಟ್ರಿಮ್ಮರ್, ಶೇವರ್‌ಗಳೂ ಬರುತ್ತವೆ. ಕೆಲವರು ರಿಪೇರಿಗೆ ಬರುತ್ತಾರೆ, ಕೆಲವರು ಸುಮ್ನೆ "ಯಾವುದು ತಗೊಳ್ಳಲಿ ಹೇಳಿ" ಅಂತ ಬರುತ್ತಾರೆ. ಅವರು ಕೇಳುವುದನ್ನೆಲ್ಲ ಒಂದು ಕಡೆ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮಿಷಿನ್ ನೋಡುವ ಮೊದಲು ಅದರ ಬ್ಲೇಡ್ ಎಲ್ಲಿ ಸಿಗುತ್ತದೆ ಅಂತ ನೋಡುವವನು. ಮೋಟರ್ ಸುಟ್ಟು ಬರುವ ಮಿಷಿನ್ ಕಡಿಮೆ, ಬ್ಲೇಡ್ ಸಿಗದೆ ಬೀರು ಸೇರುವ ಮಿಷಿನ್ ಜಾಸ್ತಿ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಬ್ಲೇಡ್ ವಿಷಯ ಮತ್ತೆ ಮತ್ತೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಶೇವರ್‌ಗೂ ಟ್ರಿಮ್ಮರ್‌ಗೂ ಏನು ವ್ಯತ್ಯಾಸ? ಎರಡೂ ಗಡ್ಡ ತೆಗೆಯುವುದೇ ಅಲ್ವಾ?

ಟ್ರಿಮ್ಮರ್‌ನಲ್ಲಿ ಹಲ್ಲು ಹಲ್ಲಾಗಿರುವ ಎರಡು ಬ್ಲೇಡ್ ಇರುತ್ತವೆ. ಒಂದು ಅಲ್ಲಾಡದೆ ನಿಂತಿರುತ್ತದೆ, ಇನ್ನೊಂದು ಅದರ ಮೇಲೆ ಅತ್ತಿತ್ತ ಓಡಾಡುತ್ತದೆ. ಕೂದಲು ಹಲ್ಲುಗಳ ಸಂದಿಗೆ ಬಂದಾಗ ಕತ್ತರಿಸುತ್ತದೆ. ಚರ್ಮಕ್ಕೂ ಓಡುವ ಬ್ಲೇಡಿಗೂ ನಡುವೆ ನಿಂತ ಬ್ಲೇಡ್ ಇರುವುದರಿಂದ ಬುಡದವರೆಗೆ ಹೋಗುವುದಿಲ್ಲ. ಬಾಚಣಿಗೆ ತೆಗೆದು ಬರೀ ಬ್ಲೇಡ್ ಹಾಕಿ ಎಳೆದರೂ ಸುಮಾರು ಅರ್ಧ ಮಿಲಿಮೀಟರ್ ಕೂದಲು ಉಳಿಯುತ್ತದೆ. ಕೈಯಾಡಿಸಿದರೆ ಮುಳ್ಳು ಮುಳ್ಳು ತಾಕುತ್ತದೆ.

ಶೇವರ್‌ನಲ್ಲಿ ಬ್ಲೇಡ್ ಒಳಗಿರುತ್ತದೆ, ಮೇಲೆ ತೆಳುವಾದ ತಗಡು ಇರುತ್ತದೆ, ಅದರಲ್ಲಿ ಸಣ್ಣ ತೂತು ಅಥವಾ ಸೀಳು. ಕೂದಲು ಆ ತೂತಿನೊಳಗೆ ತೂರಿದಾಗ ಒಳಗಿನ ಬ್ಲೇಡ್ ಕೊಯ್ಯುತ್ತದೆ. ತಗಡು ತೆಳುವಾಗಿರುವುದರಿಂದ ಕೆನ್ನೆ ನುಣ್ಣಗಾಗುತ್ತದೆ. ಆದರೆ ಉದ್ದ ಕೂದಲು ತೂತಿಗೆ ತೂರುವುದಿಲ್ಲ, ಮಲಗಿಬಿಡುತ್ತದೆ. ವಾರದ ಗಡ್ಡ ಬಿಟ್ಟುಕೊಂಡು ಶೇವರ್ ಹಿಡಿದು "ಸಾರ್, ಕಿತ್ತು ಬರ್ತಾ ಇದೆ" ಅನ್ನುವವರ ಕಥೆ ಇದೇ. ಅವರು ಮೊದಲು ಟ್ರಿಮ್ಮರ್‌ನಲ್ಲಿ ಸಣ್ಣ ಮಾಡಿಕೊಂಡು ಆಮೇಲೆ ಶೇವರ್ ಹಾಕಬೇಕು.

ಹಾಗಾಗಿ ಮೊದಲ ಪ್ರಶ್ನೆ ನಿಮಗೇ: ಗಡ್ಡ ಇಟ್ಟುಕೊಳ್ಳುತ್ತೀರಾ, ತೆಗೆಯುತ್ತೀರಾ? ಇಟ್ಟುಕೊಳ್ಳುವವರಿಗೆ ಟ್ರಿಮ್ಮರ್. ದಿನಾ ಅಥವಾ ದಿನ ಬಿಟ್ಟು ದಿನ ನುಣ್ಣಗೆ ತೆಗೆಯುವವರಿಗೆ ಶೇವರ್. ವಾರಕ್ಕೊಂದು ಸಲ, ಅದೂ ಭಾನುವಾರ ಮಾತ್ರ ತೆಗೆಯುವವರಿಗೆ ಇವೆರಡಕ್ಕಿಂತ ಸಾದಾ ರೇಜರ್ ವಾಸಿ, ದುಡ್ಡು ಉಳಿಯುತ್ತದೆ.

ಜಾಲರಿ ಶೇವರ್, ಮೂರು ಚಕ್ರದ ಶೇವರ್, ಯಾವುದು ಒಳ್ಳೇದು?

ಜಾಲರಿ ಇರುವುದನ್ನು ಫಾಯಿಲ್ ಅಂತಾರೆ. ಬ್ರಾನ್, ಪ್ಯಾನಾಸೋನಿಕ್ ಹೆಚ್ಚಾಗಿ ಇದನ್ನೇ ಮಾಡುತ್ತವೆ. ಇದನ್ನು ನೇರವಾಗಿ, ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಎಳೆಯಬೇಕು. ದಿನಾ ಶೇವ್ ಮಾಡುವವರಿಗೆ, ಕಿವಿಯ ಪಕ್ಕ, ಮೂಗಿನ ಕೆಳಗೆ ನೀಟಾಗಿ ಬೇಕು ಅನ್ನುವವರಿಗೆ ಸರಿ. ಚಕ್ರ ಇರುವುದು ರೋಟರಿ, ಫಿಲಿಪ್ಸ್‌ನ ಹೆಚ್ಚಿನ ಶೇವರ್‌ಗಳು ಇದೇ ಜಾತಿ. ಇದನ್ನು ಸಣ್ಣ ಸುತ್ತು ಸುತ್ತುತ್ತಾ ಓಡಿಸಬೇಕು. ಕತ್ತಿನ ಕೆಳಗೆ ಕೂದಲು ದಿಕ್ಕಾಪಾಲಾಗಿ ಬೆಳೆಯುವವರಿಗೆ, ಎರಡು ದಿನ ಬಿಟ್ಟು ಮಾಡುವವರಿಗೆ ಇದು ಹೊಂದುತ್ತದೆ.

ಯಾವುದೇ ಆಗಲಿ, ಚರ್ಮ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಎರಡನೇ ದಿನವೇ ಕತ್ತು ಕೆಂಪಾಯಿತು ಅಂತ ವಾಪಸ್ ಕೊಡಲು ಓಡಬೇಡಿ. ಒತ್ತಿ ಹಿಡಿಯುವುದು ಬಿಟ್ಟರೆ ಅರ್ಧ ಉರಿ ತಾನೇ ಕಡಿಮೆಯಾಗುತ್ತದೆ. ರೇಜರ್ ಅಭ್ಯಾಸ ಇರುವವರು ಒತ್ತುತ್ತಾರೆ, ಅದಕ್ಕೇ ಉರಿ.

ನನ್ನನ್ನು ಕೇಳಿದರೆ, ನಮ್ಮಂಥ ಊರಲ್ಲಿ ಇರುವವರು ಇವೆರಡರ ನಡುವೆ ಆರಿಸುವಾಗ ಚರ್ಮಕ್ಕಿಂತ ಮೊದಲು ಯಾವುದರ ತಲೆ, ಅಂದರೆ ಬ್ಲೇಡ್ ಇರುವ ಮೇಲಿನ ಭಾಗ, ಸುಲಭವಾಗಿ ಸಿಗುತ್ತದೆ ಅಂತ ನೋಡಬೇಕು.

ಬ್ಲೇಡ್ ಎಷ್ಟು ದಿನ ಬರುತ್ತದೆ? ಮಿಷಿನ್ ಇರುವವರೆಗೂ ಬರಲ್ವಾ?

ಬರಲ್ಲ. ಕಂಪನಿಗಳೇ ಹೇಳುವ ಲೆಕ್ಕ ಇದು: ಫಿಲಿಪ್ಸ್ ರೋಟರಿ ತಲೆಗೆ 2 ವರ್ಷ, ಬ್ರಾನ್ ಜಾಲರಿ ಮತ್ತು ಒಳ ಬ್ಲೇಡ್ ಸೆಟ್ಟಿಗೆ 18 ತಿಂಗಳು, ಪ್ಯಾನಾಸೋನಿಕ್‌ನಲ್ಲಿ ಹೊರಗಿನ ಜಾಲರಿಗೆ 1 ವರ್ಷ ಮತ್ತು ಒಳಗಿನ ಬ್ಲೇಡಿಗೆ 2 ವರ್ಷ. ಫಿಲಿಪ್ಸ್‌ನವರ ಒನ್‌ಬ್ಲೇಡ್ ಅಂತ ಹಸಿರು ಬ್ಲೇಡಿನದೊಂದು ಇದೆಯಲ್ಲ, ಅದಕ್ಕೆ 4 ತಿಂಗಳು ಅನ್ನುತ್ತಾರೆ, ಅದೂ ವಾರಕ್ಕೆ ಎರಡು ಪೂರ್ತಿ ಶೇವ್ ಲೆಕ್ಕದಲ್ಲಿ. ನೀವು ವಾರಕ್ಕೆ ನಾಲ್ಕು ಸಲ ಮಾಡಿದರೆ ಎರಡೇ ತಿಂಗಳು.

ತಾರೀಖು ನೋಡಿಕೊಂಡೇ ಬದಲಾಯಿಸಬೇಕು ಅಂತೇನಿಲ್ಲ. ಸವೆದಿದೆ ಅಂತ ಅದೇ ತಿಳಿಸುತ್ತದೆ. ಒಂದೇ ಜಾಗದ ಮೇಲೆ ನಾಲ್ಕು ಸಲ ಓಡಿಸಿದರೂ ಕೂದಲು ಉಳಿಯುತ್ತದೆ, ಕೂದಲು ಹಿಡಿದು ಎಳೆದ ಹಾಗೆ ಆಗುತ್ತದೆ, ತಲೆ ಬಿಸಿಯಾಗುತ್ತದೆ. ಆದರೆ ಇವೇ ಲಕ್ಷಣ ಬರೀ ಕೊಳೆ ಕಟ್ಟಿದಾಗಲೂ, ಎಣ್ಣೆ ಇಲ್ಲದಾಗಲೂ ಕಾಣುತ್ತವೆ. ಹಾಗಾಗಿ ಮೊದಲು ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಟ್ಟು ನೋಡಿ. ಆಗಲೂ ಎಳೆದರೆ ಬ್ಲೇಡ್ ಮುಗಿದಿದೆ ಅಂತ ಅರ್ಥ.

ಫಾಯಿಲ್ ಶೇವರ್ ಆದರೆ ಇನ್ನೊಂದು ಕೆಲಸ ಮಾಡಿ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು ನೋಡಿ. ಎಲ್ಲಾ ತೂತೂ ಒಂದೇ ಸಮ ಇರಬೇಕು. ಎರಡು ತೂತು ಸೇರಿ ಒಂದಾಗಿದ್ದರೆ, ಅಥವಾ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ, ಅವತ್ತಿನಿಂದಲೇ ಹಾಕುವುದು ನಿಲ್ಲಿಸಿ. ಆ ಹರಿದ ಜಾಗದಲ್ಲಿ ಚರ್ಮ ಒಳಕ್ಕೆ ಹೋದರೆ ಗೀರುತ್ತದೆ. ಬಚ್ಚಲಲ್ಲಿ ಕೈಜಾರಿ ಒಂದು ಸಲ ಬಿದ್ದರೆ ಸಾಕು, ಮಿಷಿನ್‌ಗೆ ಏನೂ ಆಗಿರುವುದಿಲ್ಲ, ಜಾಲರಿ ಮಾತ್ರ ಹೋಗಿರುತ್ತದೆ.

ಟೈಟಾನಿಯಂ, ಸೆರಾಮಿಕ್, ತಾನೇ ಹರಿತವಾಗುವ ಬ್ಲೇಡ್ ಅಂತೆಲ್ಲ ಡಬ್ಬದ ಮೇಲೆ ಬರೆದಿರುತ್ತಾರಲ್ಲ?

ಟೈಟಾನಿಯಂ ಅಂದರೆ ಹೆಚ್ಚಿನ ಸಲ ಸ್ಟೀಲಿನ ಮೇಲೆ ತೆಳು ಲೇಪ. ಇಡೀ ಬ್ಲೇಡ್ ಟೈಟಾನಿಯಂ ಅಲ್ಲ. ಸೆರಾಮಿಕ್ ಗಟ್ಟಿ, ಬಿಸಿ ಕಡಿಮೆ, ತುಕ್ಕು ಹಿಡಿಯುವ ಮಾತೇ ಇಲ್ಲ, ಆದರೆ ಬಿದ್ದರೆ ಹಲ್ಲು ಮುರಿಯುತ್ತದೆ. ತಾನೇ ಹರಿತವಾಗುವುದು ಅಂದರೆ ಎರಡು ಬ್ಲೇಡ್ ಒಂದಕ್ಕೊಂದು ಉಜ್ಜಿಕೊಂಡು ಅಂಚು ಉಳಿಸಿಕೊಳ್ಳುತ್ತವೆ ಅಂತ, ಸವೆಯುವುದೇ ಇಲ್ಲ ಅಂತ ಅಲ್ಲ. ಒಳ್ಳೇ ಸ್ಟೇನ್‌ಲೆಸ್ ಸ್ಟೀಲ್ ಬ್ಲೇಡ್ ಸಾಕು. ಈ ಒಂದು ಪದಕ್ಕೆ ಇನ್ನೂರು ಮುನ್ನೂರು ಜಾಸ್ತಿ ಕೊಡಬೇಡಿ.

ಕೋಲಾರದಲ್ಲಿ ಸ್ಪೇರ್ ಬ್ಲೇಡ್ ಎಲ್ಲಿ ಸಿಗುತ್ತದೆ?

ನಿಜ ಹೇಳಬೇಕೆಂದರೆ ಅಂಗಡಿಗಳಲ್ಲಿ ಮಿಷಿನ್ ಸಿಕ್ಕಷ್ಟು ಸುಲಭವಾಗಿ ತಲೆ ಸಿಗುವುದಿಲ್ಲ. ಡೂಂಲೈಟ್ ಸರ್ಕಲ್ ಸುತ್ತಮುತ್ತ ನಾಲ್ಕು ಅಂಗಡಿ ಕೇಳಿದರೆ ಟ್ರಿಮ್ಮರ್ ಸಾಲಾಗಿ ತೂಗುಹಾಕಿರುತ್ತಾರೆ, ಬ್ಲೇಡ್ ಕೇಳಿದರೆ "ತರಿಸಿ ಕೊಡ್ತೀವಿ" ಅನ್ನುತ್ತಾರೆ. ತರಿಸುವುದಕ್ಕೆ ಅವರಿಗೂ ಬೆಂಗಳೂರೇ ಗತಿ. ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಇನ್ನೂ ಕಷ್ಟ. ಹಾಗಾಗಿ ಹೆಚ್ಚಿನವರಿಗೆ ಆನ್‌ಲೈನ್ ದಾರಿಯೇ ದಾರಿ.

ಹುಡುಕುವಾಗ ಮಿಷಿನ್ ಹೆಸರು ಹಾಕಬೇಡಿ, ಬ್ಲೇಡಿನ ನಂಬರ್ ಹಾಕಿ. ಪ್ರತಿ ಒಳ್ಳೇ ಶೇವರ್ ತಲೆಗೂ ಒಂದು ನಂಬರ್ ಇರುತ್ತದೆ. ಫಿಲಿಪ್ಸ್‌ನ ಕಡಿಮೆ ಬೆಲೆಯ ಹಲವು ರೋಟರಿಗಳಿಗೆ `SH30`, ಅದಕ್ಕಿಂತ ಮೇಲಿನವಕ್ಕೆ `SH50`, `SH71`. ಬ್ರಾನ್ ಸೀರೀಸ್ 3 ಕ್ಕೆ `32B`. ಹೀಗೆ. ಆ ನಂಬರ್ ಮಿಷಿನ್ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ, ಇಲ್ಲವಾದರೆ ಕಂಪನಿ ವೆಬ್‌ಸೈಟಲ್ಲಿ ಮಿಷಿನ್ ಮಾಡೆಲ್ ನಂಬರ್ ಹಾಕಿದರೆ ತೋರಿಸುತ್ತದೆ. ಮಾಡೆಲ್ ನಂಬರ್ ಮಿಷಿನ್ ಹಿಂಭಾಗದಲ್ಲೋ ಬುಡದಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ತೊಳೆದೂ ತೊಳೆದೂ ಅಳಿಸಿಹೋಗುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಇದನ್ನೆಲ್ಲ ಮಿಷಿನ್ ಕೊಂಡ ಮೇಲೆ ಮಾಡುವುದಲ್ಲ, ಕೊಳ್ಳುವ ಮೊದಲು ಮಾಡಬೇಕು. ನಂಬರ್ ಹಾಕಿ ಹುಡುಕಿ. ಸ್ಟಾಕ್ ಇದೆಯಾ? ನಿಮ್ಮ ಪಿನ್‌ಕೋಡಿಗೆ ಬರುತ್ತದಾ? ಮಾರುವವರು ಒಬ್ಬರೇನಾ, ನಾಲ್ಕು ಜನ ಇದ್ದಾರಾ? ಇತ್ತೀಚೆಗೆ ಯಾರಾದರೂ ಕೊಂಡು ಬರೆದಿದ್ದಾರಾ? ಒಬ್ಬನೇ ಮಾರುವವನು, ಕೊನೆಯ ರಿವ್ಯೂ ಎರಡು ವರ್ಷ ಹಿಂದಿನದು ಅಂದರೆ ಆ ಮಿಷಿನ್ ಬಿಡಿ, ಎಷ್ಟೇ ಆಫರ್ ಇರಲಿ. ಹಳೇ ಮಾಡೆಲ್ ಅರ್ಧ ಬೆಲೆಗೆ ಕೊಡುತ್ತಿದ್ದಾರೆ ಅಂದರೆ ಅದರ ತಲೆ ತಯಾರಿಕೆ ಇನ್ನೂ ನಡೆಯುತ್ತಿದೆಯಾ ಅಂತ ವಿಚಾರಿಸಲೇಬೇಕು.

ಕಂಪನಿ ತಲೆ ದುಬಾರಿ. ಅದೇ ಥರದ್ದು ಮೂರನೇ ಒಂದು ಬೆಲೆಗೆ ಸಿಗುತ್ತದಲ್ಲ, ಹಾಕಬಹುದಾ?

ರೋಟರಿಗೆ ಹಾಕಿ ನೋಡಬಹುದು, ಕೆಲವು ಪರವಾಗಿಲ್ಲ. ಫಾಯಿಲ್‌ಗೆ ನಾನು ಬೇಡ ಅನ್ನುತ್ತೇನೆ. ತಗಡು ಸ್ವಲ್ಪ ದಪ್ಪ ಆದರೂ ನುಣ್ಣಗಾಗಲ್ಲ, ಸ್ವಲ್ಪ ತೆಳುವಾದರೂ ಬೇಗ ಹರಿಯುತ್ತದೆ. ಕಂಪನಿ ಹೆಸರೇ ಅಚ್ಚು ಹಾಕಿ ಬರುವ ನಕಲಿ ಇನ್ನೂ ಕೆಟ್ಟದು. ಬಂದ ತಕ್ಷಣ ಹಳೇ ತಲೆಯ ಪಕ್ಕ ಇಟ್ಟು ನೋಡಿ. ಅಕ್ಷರ ಮಸುಕಾಗಿದೆಯಾ, ತೂತುಗಳ ಸಾಲು ವಾರೆಯಾಗಿದೆಯಾ, ಬೆರಳು ಸವರಿದರೆ ಅಂಚು ಒರಟಾಗಿದೆಯಾ? ಆಮೇಲೆ ಹಾಕಿ ಓಡಿಸಿ ಶಬ್ದ ಕೇಳಿ. ಅಸಲಿ ತಲೆ ಹಾಕಿದಾಗ ಒಂದೇ ಸಮ ಗುಂಯ್ ಅನ್ನುತ್ತದೆ, ನಕಲಿ ಹಾಕಿದರೆ ಕಿರ್ ಅಂತ ಉಜ್ಜುವ ಶಬ್ದ ಬರುತ್ತದೆ, ಒಂದೆರಡು ನಿಮಿಷಕ್ಕೇ ಬೆಚ್ಚಗಾಗುತ್ತದೆ. ಹಾಗಾದರೆ ಮುಖಕ್ಕೆ ಹಚ್ಚದೆ ವಾಪಸ್ ಮಾಡಿ.

ಟ್ರಿಮ್ಮರ್ ಬ್ಲೇಡ್ ಬದಲಾಯಿಸಬಹುದಾ?

ಸಾವಿರ ರೂಪಾಯಿ ಆಸುಪಾಸಿನ ಟ್ರಿಮ್ಮರ್‌ಗಳಿಗೆ ಬ್ಲೇಡ್ ಬೇರೆಯಾಗಿ ಸಿಗುವುದು ಅಪರೂಪ. ಆದರೆ ಅವುಗಳ ಬ್ಲೇಡ್ ನಿಧಾನಕ್ಕೆ ಸವೆಯುತ್ತದೆ, ಬಹಳ ಸಲ ಬ್ಯಾಟರಿಯೇ ಮೊದಲು ಹೋಗುತ್ತದೆ. ಹಾಗಾಗಿ ಟ್ರಿಮ್ಮರ್ ವಿಷಯದಲ್ಲಿ ಬ್ಲೇಡಿಗಿಂತ ಬಾಚಣಿಗೆ ನೋಡಿ. ಆ ಪ್ಲಾಸ್ಟಿಕ್ ಬಾಚಣಿಗೆಯ ಒಂದು ಹಲ್ಲು ಮುರಿದರೆ ಅಲ್ಲಿ ಗಡ್ಡ ಗೀರು ಬಿದ್ದ ಹಾಗೆ ಕತ್ತರಿಸುತ್ತದೆ, ಬೇರೆ ಬಾಚಣಿಗೆ ಸಿಗುವುದಿಲ್ಲ. ತೆಗೆದು ಹಾಕುವಾಗ ಒಂದು ಮೂಲೆ ಹಿಡಿದು ಎಳೆಯಬೇಡಿ, ಎರಡೂ ಬದಿ ಹಿಡಿದು ಸಮವಾಗಿ ಎತ್ತಿ.

ಬ್ಲೇಡ್ ಬಿಚ್ಚಿ ಹಾಕಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಸಾಮಾನ್ಯವಾಗಿ ಎರಡು ಸ್ಕ್ರೂ ಇರುತ್ತವೆ. ಮತ್ತೆ ಕೂರಿಸುವಾಗ ನಿಂತ ಬ್ಲೇಡಿನ ಹಲ್ಲಿನ ತುದಿ ಮುಂದಿರಬೇಕು, ಓಡುವ ಬ್ಲೇಡಿನ ತುದಿ ಅದಕ್ಕಿಂತ ಒಂದು ಕೂದಲೆಳೆ ಹಿಂದಿರಬೇಕು. ಎರಡೂ ಸಮಾನಾಂತರವಾಗಿ ಇರಬೇಕು. ಓಡುವ ಬ್ಲೇಡ್ ಮುಂದೆ ಬಂದುಬಿಟ್ಟರೆ ಅದು ಕೂದಲಿನ ಜೊತೆ ಚರ್ಮವನ್ನೂ ಕತ್ತರಿಸುತ್ತದೆ. ನಾನು ಸ್ಕ್ರೂ ಅರ್ಧ ಬಿಗಿ ಮಾಡಿ, ಬೆಳಕಿಗೆ ಹಿಡಿದು ನೋಡಿ, ಉಗುರಿನಲ್ಲಿ ತಳ್ಳಿ ಸರಿ ಮಾಡಿ, ಆಮೇಲೆ ಪೂರ್ತಿ ಬಿಗಿ ಮಾಡುತ್ತೇನೆ. ಕೊನೆಗೆ ಮುಂಗೈ ಮೇಲೆ ಮೆಲ್ಲಗೆ ಓಡಿಸಿ ನೋಡಿದ ಮೇಲೆಯೇ ಕತ್ತಿಗೆ.

ಬ್ಲೇಡ್ ಬದಲಾಯಿಸುತ್ತಾ ವರ್ಷಾನುಗಟ್ಟಲೆ ಇಟ್ಟುಕೊಳ್ಳಬೇಕು ಅನ್ನುವವರು ಸಲೂನ್‌ನವರು ಬಳಸುವ ವೈರ್ ಇರುವ ಕ್ಲಿಪ್ಪರ್ ನೋಡಿ. ಸಲೂನ್ ಸಾಮಾನು ಮಾರುವ ಅಂಗಡಿಯಲ್ಲಿ ಅವುಗಳ ಬ್ಲೇಡ್ ಸೆಟ್ ಇಡುತ್ತಾರೆ. ಭಾರ ಜಾಸ್ತಿ, ಶಬ್ದ ಜಾಸ್ತಿ, ತೊಳೆಯುವ ಹಾಗಿಲ್ಲ. ಆದರೆ ಬ್ಯಾಟರಿ ಇಲ್ಲದ್ದರಿಂದ ಸಾಯುವುದಕ್ಕೆ ಹೆಚ್ಚೇನೂ ಇಲ್ಲ.

ಬ್ಯಾಟರಿ ಎಷ್ಟು ನಿಮಿಷದ್ದು ತಗೊಳ್ಳಬೇಕು? 120 ನಿಮಿಷ, 160 ನಿಮಿಷ ಅಂತೆಲ್ಲ ಬರುತ್ತದಲ್ಲ?

ಗಡ್ಡ ಟ್ರಿಮ್ ಮಾಡಲು ಹತ್ತು ನಿಮಿಷ, ಶೇವ್‌ಗೆ ಐದಾರು ನಿಮಿಷ. 45 ನಿಮಿಷದ ಬ್ಯಾಟರಿ ಇದ್ದರೆ ವಾರಕ್ಕೊಂದು ಸಲ ಟ್ರಿಮ್ ಮಾಡುವವರಿಗೆ ತಿಂಗಳು ಬರುತ್ತದೆ. ಹೀಗಿರುವಾಗ 160 ನಿಮಿಷ ಯಾಕೆ? ನಿಮಿಷ ಎಷ್ಟು ಅನ್ನುವುದಕ್ಕಿಂತ ಎರಡು ವಿಷಯ ಮುಖ್ಯ: ಒಳಗಿರುವುದು ಯಾವ ಬ್ಯಾಟರಿ, ಮತ್ತು ಪಿನ್ ಎಂಥದು.

ಡಬ್ಬದ ಮೇಲೆ 8 ಗಂಟೆ ಅಥವಾ 10 ಗಂಟೆ ಚಾರ್ಜ್ ಅಂತ ಇದ್ದರೆ ಅದು ಸಾಮಾನ್ಯವಾಗಿ ನಿಕ್ಕಲ್ ಮೆಟಲ್ ಹೈಡ್ರೈಡ್. ಅಗ್ಗ. ಬಳಸದೆ ಇಟ್ಟರೂ ತಾನೇ ಇಳಿಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಚಾರ್ಜ್ ಇಲ್ಲ, ಕರೆಂಟೂ ಇಲ್ಲ ಅಂದರೆ ಮುಗೀತು. ಒಂದೂವರೆ ಎರಡು ಗಂಟೆಯಲ್ಲಿ ತುಂಬುವುದು ಲಿಥಿಯಂ. ಇದು ತಿಂಗಳು ಬಿಟ್ಟು ತೆಗೆದರೂ ಚಾರ್ಜ್ ಇಟ್ಟುಕೊಂಡಿರುತ್ತದೆ. ಕೆಲವದರಲ್ಲಿ ಐದು ನಿಮಿಷ ಹಾಕಿದರೆ ಒಂದು ಶೇವ್ ಆಗುವಷ್ಟು ಏರುತ್ತದೆ. ಹಳ್ಳಿ ಕಡೆ ಹೇಳದೆ ಕೇಳದೆ ಕರೆಂಟ್ ಹೋಗುವ ಕಡೆಯವರಿಗೆ ಲಿಥಿಯಂ ಬಿಟ್ಟು ಬೇರೆ ನಾನು ಹೇಳುವುದಿಲ್ಲ. ಇದನ್ನು ಪೂರ್ತಿ ಖಾಲಿ ಮಾಡಿ ಆರು ತಿಂಗಳು ಎತ್ತಿಡಬೇಡಿ, ಅಷ್ಟೇ. ಅರ್ಧ ಚಾರ್ಜಲ್ಲಿ ಇಡಿ.

ಪಿನ್ ವಿಷಯ. ಕಂಪನಿಯದೇ ಬೇರೆ ಥರದ ಪಿನ್ ಇದ್ದರೆ ಚಾರ್ಜರ್ ಕಳೆದ ದಿನ ಪರದಾಟ ಶುರು. ಯುಎಸ್‌ಬಿ ಟೈಪ್ ಸಿ ಇರುವುದು ತಗೊಳ್ಳಿ, ಮನೆಯಲ್ಲಿ ಕೇಬಲ್ ಹೇಗೂ ಇರುತ್ತದೆ. ಆದರೆ ಕಡಿಮೆ ಬೆಲೆಯ ಟ್ರಿಮ್ಮರ್‌ಗಳಲ್ಲಿ ಒಂದು ಕಿರಿಕ್ ಇದೆ. ಎರಡೂ ತುದಿ ಸಿ ಇರುವ ಕೇಬಲ್ ಹಾಕಿದರೆ ಕೆಲವು ಚಾರ್ಜೇ ಆಗುವುದಿಲ್ಲ. ಒಳಗಿರಬೇಕಾದ ಎರಡು ಸಣ್ಣ ರೆಸಿಸ್ಟರ್ ಉಳಿಸಿರುತ್ತಾರೆ, ಅವಿಲ್ಲದಿದ್ದರೆ ಹೊಸ ಚಾರ್ಜರ್ ವೋಲ್ಟೇಜ್ ಕೊಡುವುದೇ ಇಲ್ಲ. ಹಳೇ ಚಪ್ಪಟೆ ಯುಎಸ್‌ಬಿ ಚಾರ್ಜರಿಗೆ, ಒಂದು ತುದಿ ಮಾತ್ರ ಸಿ ಇರುವ ಕೇಬಲ್ ಹಾಕಿ ನೋಡಿ, ಏರುತ್ತದೆ. ಸತ್ತಿದೆ ಅಂತ ನಮ್ಮಲ್ಲಿಗೆ ಬರುವ ಟ್ರಿಮ್ಮರ್‌ಗಳಲ್ಲಿ ಕೆಲವಕ್ಕೆ ಇಷ್ಟೇ ಕಾಯಿಲೆ. ಇನ್ನು ಕೆಲವು ಬ್ಯಾಗಲ್ಲಿ ಒತ್ತಿಕೊಂಡು ಟ್ರಾವೆಲ್ ಲಾಕ್ ಆಗಿರುತ್ತವೆ. ಬೀಗದ ಚಿತ್ರ ಮಿನುಗುತ್ತದೆ, ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ, ನನಗೂ ಸೇರಿ.

ಬ್ಯಾಟರಿ ಹೋದರೆ ಬೇರೆ ಹಾಕಿಸಬಹುದಾ?

ಹಾಕಬಹುದು. ಒಳಗಿನ ಸೆಲ್ ಬೆಸುಗೆ ಹಾಕಿರುತ್ತಾರೆ, ಹಳೇದು ಬಿಚ್ಚಿ ಅದೇ ಅಳತೆಯದ್ದು, ಅದೇ ಜಾತಿಯದ್ದು ಹಾಕಬೇಕು. ನಿಕ್ಕಲ್ ಸೆಲ್ ಇದ್ದ ಕಡೆ ಲಿಥಿಯಂ ಹಾಕಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಮಿಷಿನ್‌ನ ಚಾರ್ಜ್ ಮಾಡುವ ಸರ್ಕ್ಯೂಟ್ ಲಿಥಿಯಂಗೆ ಅಲ್ಲ, ಬೆಂಕಿ ಹತ್ತುವ ಅಪಾಯ. ಇನ್ನೊಂದು, ನೀರಿಗೆ ಇಡಬಹುದಾದ ಮಿಷಿನ್ ಒಂದು ಸಲ ಬಿಚ್ಚಿದ ಮೇಲೆ ಅದರ ರಬ್ಬರ್ ಸೀಲ್ ಮೊದಲಿನ ಹಾಗೆ ಕೂರುತ್ತದೆ ಅಂತ ಗ್ಯಾರಂಟಿ ಇಲ್ಲ. ಆಮೇಲೆ ನಲ್ಲಿಯ ಕೆಳಗೆ ಹಿಡಿಯಬೇಡಿ, ತಲೆ ಬಿಚ್ಚಿ ಅದನ್ನು ಮಾತ್ರ ತೊಳೆಯಿರಿ.

ತೊಳೆಯಬಹುದು ಅಂತ ಬರೆದಿದ್ದರೆ ಸ್ನಾನ ಮಾಡುತ್ತಾ ಬಳಸಬಹುದಾ?

ಬರೆದಿರುವುದು ಏನು ಅಂತ ಸರಿಯಾಗಿ ಓದಿ. "ತಲೆ ತೊಳೆಯಬಹುದು" ಅಂದರೆ ತಲೆ ಬಿಚ್ಚಿ ಅದನ್ನು ಮಾತ್ರ ತೊಳೆಯಬೇಕು. ಮಿಷಿನ್ ಮೇಲೆ ನಲ್ಲಿಯ ಚಿತ್ರ ಇದ್ದರೆ ನಲ್ಲಿಯ ಕೆಳಗೆ ತೊಳೆಯಬಹುದು, ಶವರ್ ಚಿತ್ರ ಇದ್ದರೆ ಸ್ನಾನದಲ್ಲೂ ಬಳಸಬಹುದು. ಅಂಕಿ ಕೊಟ್ಟಿದ್ದರೆ ಇನ್ನೂ ಸ್ಪಷ್ಟ. ಐಪಿಎಕ್ಸ್ 4 ಅಂದರೆ ನೀರು ಚಿಮುಕಿದರೆ ಪರವಾಗಿಲ್ಲ, ಅಷ್ಟೇ. ಐಪಿಎಕ್ಸ್ 5 ಕ್ಕೆ ನಲ್ಲಿ ನೀರು ಬಿಡಬಹುದು. ಐಪಿಎಕ್ಸ್ 7 ಅಂದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆ. ಈ ಪರೀಕ್ಷೆ ಮಾಡುವುದು ಹೊಸ ಮಿಷಿನ್‌ಗೆ, ತಣ್ಣೀರಲ್ಲಿ. ಹಂಡೆಯ ಬಿಸಿನೀರಿಗೆ, ಮೂರು ವರ್ಷ ಹಳೇ ರಬ್ಬರ್‌ಗೆ ಅದೇ ಭರವಸೆ ಇಲ್ಲ.

ನೀರಲ್ಲಿ ಬಳಸುವ ಎಷ್ಟೋ ಮಿಷಿನ್‌ಗಳು ವೈರ್ ಚುಚ್ಚಿದಾಗ ಓಡುವುದಿಲ್ಲ, ಸುರಕ್ಷತೆಗೆ ಹಾಗೆ ಮಾಡಿರುತ್ತಾರೆ. ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಚಾರ್ಜಿಂಗ್ ತೂತಲ್ಲಿ ನೀರು ಇರುವಾಗ ಮಾತ್ರ ಪಿನ್ ಚುಚ್ಚಬೇಡಿ.

ನಮ್ಮ ಮನೆಯಲ್ಲಿ ಬೋರ್ ನೀರು. ತೊಳೆದರೆ ಬಿಳಿ ಪೊರೆ ಕಟ್ಟುತ್ತದೆ. ಏನು ಮಾಡಲಿ?

ಈ ಪ್ರಶ್ನೆ ನಮ್ಮ ಜಿಲ್ಲೆಯವರದೇ, ಚಿಕ್ಕಬಳ್ಳಾಪುರದವರೂ ಕೇಳುತ್ತಾರೆ. ಬೋರ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 600 ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಆಳದ ಬೋರ್‌ಗಳಲ್ಲಿ ಅದನ್ನು ಮೀರಿದ ನೀರೂ ಬರುತ್ತದೆ. ಬಕೆಟ್ ಅಂಚಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಸುಣ್ಣವೇ ಶೇವರ್ ಜಾಲರಿಯ ತೂತಲ್ಲೂ ಕಟ್ಟುತ್ತದೆ. ತೂತು ಕಿರಿದಾಗುತ್ತದೆ, ಕೂದಲು ತೂರುವುದಿಲ್ಲ, ಬ್ಲೇಡ್ ಉಜ್ಜಿ ಬಿಸಿಯಾಗುತ್ತದೆ. ಸೋಪ್ ಬಿಲ್ಲೆ ಬಳಸಿದರೆ ಇನ್ನೂ ಕಷ್ಟ. ಸೋಪು ಗಡಸು ನೀರಿಗೆ ಸೇರಿ ಅಂಟಂಟು ಗಸಿಯಾಗುತ್ತದೆ, ಅದರ ಮೇಲೆ ಕೂದಲಿನ ಪುಡಿ ಕೂತರೆ ತೆಗೆಯಲು ಬ್ರಷ್ಷೇ ಬೇಕು.

ನಾನು ಹೇಳುವ ವಿಧಾನ ಇದು. ಮೊದಲು ನೀರಿಲ್ಲದೆ ತಲೆ ತೆಗೆದು ಮೆಲ್ಲಗೆ ತಟ್ಟಿ ಪುಡಿ ಉದುರಿಸಿ. ಫಾಯಿಲ್ ಜಾಲರಿಗೆ ಬ್ರಷ್ ಹಾಕಬೇಡಿ, ಒಳಗಿನ ಬ್ಲೇಡಿಗೆ ಹಾಕಿ. ದಿನಾ ಇಷ್ಟೇ ಸಾಕು. ವಾರಕ್ಕೊಂದು ಸಲ ಒಂದು ಹನಿ ಲಿಕ್ವಿಡ್ ಹ್ಯಾಂಡ್‌ವಾಶ್ ಹಚ್ಚಿ, ಮಿಷಿನ್ ಆನ್ ಮಾಡಿ, ನಲ್ಲಿಯ ಕೆಳಗೆ ಹಿಡಿಯಿರಿ. ಕೊನೆಯಲ್ಲಿ ಅರ್ಧ ಲೋಟ ಫಿಲ್ಟರ್ ನೀರು ಸುರಿಯಿರಿ. ಕ್ಯಾನ್ ನೀರು ಆದರೂ ಸರಿ. ಕೊನೆಗೆ ಒಣಗುವ ನೀರು ಯಾವುದೋ ಅದರ ಉಪ್ಪೇ ಉಳಿಯುವುದು, ಹಾಗಾಗಿ ಕೊನೆಯ ಅರ್ಧ ಲೋಟ ಒಳ್ಳೇ ನೀರಾದರೆ ಸಾಕು. ಆಮೇಲೆ ಒದರಿ, ತಲೆ ತೆರೆದು, ನೆರಳಲ್ಲಿ ಗಾಳಿಗೆ ಇಡಿ. ಟವೆಲ್‌ನಿಂದ ಜಾಲರಿ ಒರೆಸಬೇಡಿ, ಬಟ್ಟೆಯ ನೂಲು ಸಿಕ್ಕಿ ಜಾಲರಿ ಬಗ್ಗುತ್ತದೆ.

ಆಗಲೇ ಪೊರೆ ಕಟ್ಟಿದ್ದರೆ, ತಲೆ ಬಿಚ್ಚಿ ಬರೀ ಲೋಹದ ಭಾಗವನ್ನು ಅಡುಗೆಯ ವಿನೆಗರ್ ಒಂದು ಪಾಲು, ಫಿಲ್ಟರ್ ನೀರು ಎರಡು ಪಾಲು ಬೆರೆಸಿ ಅದರಲ್ಲಿ ಹತ್ತು ನಿಮಿಷ ಇಡಿ. ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ತೆಗೆದು ಚೆನ್ನಾಗಿ ತೊಳೆದು ಒಣಗಿಸಿ ಎಣ್ಣೆ ಹಚ್ಚಿ. ರಾತ್ರಿಯೆಲ್ಲ ನೆನೆಹಾಕಬೇಡಿ, ಹುಳಿ ಸ್ಟೀಲನ್ನೂ ತಿನ್ನುತ್ತದೆ. ಲೇಪ ಇರುವ ಬ್ಲೇಡಿಗೆ ಇದು ಬೇಡ. ಮೋಟರ್ ಇರುವ ಭಾಗಕ್ಕಂತೂ ಬೇಡವೇ ಬೇಡ.

ಎಣ್ಣೆ ಯಾವುದು ಹಾಕಬೇಕು? ಕೊಬ್ಬರಿ ಎಣ್ಣೆ ಆಗುತ್ತದಾ?

ಆಗಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಕೋಲಾರದಲ್ಲಿ ಬಾಟಲಿ ಬಿಸಿಲಿಗೆ ಇಡುತ್ತೀರಲ್ಲ, ಬ್ಲೇಡ್ ನಡುವೆಯೂ ಅದೇ ಗತಿ. ಮೋಟರ್ ತಿಣುಕುತ್ತದೆ. ಅಡುಗೆ ಎಣ್ಣೆಯೂ ಬೇಡ, ಜಿಗುಟಾಗುತ್ತದೆ. ಮಿಷಿನ್ ಜೊತೆ ಬಂದ ಸಣ್ಣ ಬಾಟಲಿ ಮುಗಿದರೆ ಹೊಲಿಗೆ ಮಿಷಿನ್ ಎಣ್ಣೆ ಸಾಕು. ಒಂದು ಹನಿ ಬಿಟ್ಟು ಹತ್ತು ಸೆಕೆಂಡ್ ಓಡಿಸಿ, ಹೆಚ್ಚಿಗೆ ಆಗಿದ್ದು ಟಿಶ್ಯೂನಲ್ಲಿ ಒತ್ತಿ ತೆಗೆಯಿರಿ. "ಎಣ್ಣೆ ಬೇಡ" ಅಂತ ಪುಸ್ತಕದಲ್ಲಿ ಇದ್ದರೆ ಬಿಡಿ.

ಒಟ್ಟು ಖರ್ಚು ಹೇಗೆ ಲೆಕ್ಕ ಹಾಕುವುದು?

ಒಬ್ಬರ ಲೆಕ್ಕ ಹೇಳುತ್ತೇನೆ. ವೇಮಗಲ್‌ನಲ್ಲಿ ರೂಮ್ ಮಾಡಿಕೊಂಡು ನರಸಾಪುರದ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಹುಡುಗ. ಗಡ್ಡ ಬಿಡುವ ಹಾಗಿಲ್ಲ, ವಾರಕ್ಕೆ ನಾಲ್ಕು ಸಲ ಶೇವ್. ಬೆಳಗಿನ ಶಿಫ್ಟಿಗೆ ಕತ್ತಲಲ್ಲೇ ಬಸ್ಸು ಬರುತ್ತದೆ, ಸೋಪು ನೊರೆ ಅಂತ ಕೂರಲು ಸಮಯ ಇಲ್ಲ. ಅವನ ಮನಸ್ಸಲ್ಲಿದ್ದದ್ದು ಒನ್‌ಬ್ಲೇಡ್ ಥರ ಬ್ಲೇಡ್ ಬದಲಿಸುವ ಸಣ್ಣ ಮಿಷಿನ್, ಯಾಕೆಂದರೆ ಬೆಲೆ ಕಡಿಮೆ. ಬೆಲೆ ಏರಿಳಿಯುತ್ತದೆ, ಹಾಗಾಗಿ ದುಂಡು ಅಂಕಿ ಇಟ್ಟುಕೊಂಡು ಕೂತು ಲೆಕ್ಕ ಹಾಕಿದೆವು.

ಸಣ್ಣ ಮಿಷಿನ್ 1500, ಬ್ಲೇಡ್ 500. ಅವನ ಬಳಕೆಗೆ ಬ್ಲೇಡ್ ಎರಡು ತಿಂಗಳು. ನಾಲ್ಕು ವರ್ಷಕ್ಕೆ 24 ಬ್ಲೇಡ್, ಡಬ್ಬದಲ್ಲಿ ಬರುವ ಒಂದು ಬಿಟ್ಟರೆ 23. ಅಂದರೆ 11,500. ಮಿಷಿನ್ ಸೇರಿ 13,000. ಫಾಯಿಲ್ ಶೇವರ್ 4000, ತಲೆ 1500. 18 ತಿಂಗಳಿಗೊಮ್ಮೆ ಬದಲಾಯಿಸಿದರೆ ನಾಲ್ಕು ವರ್ಷದಲ್ಲಿ ಎರಡು ಸಲ, 3000. ಒಟ್ಟು 7000. ಕೊಳ್ಳುವ ದಿನ ಅಗ್ಗ ಅನಿಸಿದ್ದು ಕೊನೆಗೆ ಹೆಚ್ಚುಕಡಿಮೆ ಎರಡು ಪಟ್ಟು.

ಅದೇ ಅವನು ವಾರಕ್ಕೆ ಎರಡೇ ಸಲ ಮಾಡುವವನಾಗಿದ್ದರೆ? ಬ್ಲೇಡ್ ನಾಲ್ಕು ತಿಂಗಳು, ನಾಲ್ಕು ವರ್ಷಕ್ಕೆ 11 ಹೆಚ್ಚುವರಿ, 5500. ಒಟ್ಟು 7000. ಎರಡೂ ಸಮ. ಆಗ ಚರ್ಮಕ್ಕೆ ಯಾವುದು ಹಿತವೋ ಅದನ್ನು ತಗೊಳ್ಳಬಹುದಿತ್ತು. ಅರ್ಧ ಮಿಲಿಮೀಟರ್ ಉಳಿದರೂ ನಡೆಯುತ್ತದೆ ಅನ್ನುವ ಕೆಲಸವಾಗಿದ್ದರೆ 1200 ರೂಪಾಯಿಯ ಟ್ರಿಮ್ಮರ್ ಸಾಕಿತ್ತು, ಮಧ್ಯೆ ಒಂದು ಸಲ ಹೊಸದು ಕೊಂಡರೂ 2400.

ಅವನು ಫಾಯಿಲ್‌ಗೆ ಒಪ್ಪಿದ. ಆರ್ಡರ್ ಹಾಕುವ ಮೊದಲು ತಲೆಯ ನಂಬರ್ ಹಾಕಿ, ವೇಮಗಲ್ ಪಿನ್‌ಕೋಡ್ ಹಾಕಿ ನೋಡಿದೆವು. ಮೊದಲು ಆರಿಸಿದ್ದ ಮಾಡೆಲ್‌ನ ತಲೆ "ಈಗ ಲಭ್ಯವಿಲ್ಲ" ಅಂತ ಬಂತು. ಅದನ್ನು ಬಿಟ್ಟು ಐನೂರು ಜಾಸ್ತಿಯಾದರೂ ತಲೆ ನಾಲ್ಕು ಕಡೆ ಸಿಗುವ ಇನ್ನೊಂದನ್ನು ಹಾಕಿದ. ಅಲ್ಲಿಗೆ ಅವನ ಲೆಕ್ಕ 7500.

ಸ್ಪೇರ್ ತಲೆ ಈಗಲೇ ಒಂದು ಕೊಂಡಿಡಲಾ?

ಜಾಲರಿ, ರೋಟರಿ ತಲೆ ಆದರೆ ಒಂದು ಇಟ್ಟುಕೊಳ್ಳಿ, ಡಬ್ಬ ಒಡೆಯದೆ ಒಣಗಿದ ಜಾಗದಲ್ಲಿ ಇಟ್ಟರೆ ಕೆಡುವುದಿಲ್ಲ. ಎರಡಕ್ಕಿಂತ ಜಾಸ್ತಿ ಬೇಡ, ಬ್ಯಾಟರಿ ಹೋದರೆ ತಲೆಗಳು ಸುಮ್ನೆ ಉಳಿಯುತ್ತವೆ.

ಅಣ್ಣ ತಮ್ಮ, ರೂಮ್‌ಮೇಟ್ ಎಲ್ಲ ಸೇರಿ ಒಂದೇ ಮಿಷಿನ್ ಬಳಸಬಹುದಾ?

ಮಿಷಿನ್ ಒಂದಿರಲಿ, ತಲೆ ಒಬ್ಬೊಬ್ಬರಿಗೆ ಬೇರೆ ಇರಲಿ. ಶೇವರ್ ಚರ್ಮಕ್ಕೆ ತೀರಾ ಹತ್ತಿರ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಅಂಟುತ್ತದೆ, ಹೆಪಟೈಟಿಸ್ ಬಿ, ಸಿ ಹರಡುವ ದಾರಿಗಳಲ್ಲಿ ಇದೂ ಒಂದು. ನಲ್ಲಿ ನೀರಲ್ಲಿ ತೊಳೆದರೆ ಅದು ಹೋಗುತ್ತದೆ ಅಂತ ನಂಬಬೇಡಿ. ಬದಲಿಸುವ ತಲೆ ಸುಲಭವಾಗಿ ಸಿಗುವ ಮಾಡೆಲ್ ಆದರೆ ತಲೆಯ ಬುಡದಲ್ಲಿ ಮಾರ್ಕರ್‌ನಿಂದ ಹೆಸರಿನ ಮೊದಲ ಅಕ್ಷರ ಬರೆದಿಟ್ಟುಕೊಂಡು ಹಂಚಿಕೊಳ್ಳಬಹುದು.